ನಾಲ್ಕೂವರೆ ತಿಂಗಳಿಂದ ಮುಟ್ಟಾಗಿಲ್ಲ, ಒಳಪದರ 17 ಮಿ.ಮೀ. ಎಂದಿದ್ದಾರೆ: ಮಾತ್ರೆಯಿಂದ ಮುಟ್ಟಾದರೆ ಬಯಾಪ್ಸಿ ಬೇಕೇ?

ಮಂಡ್ಯದ ಶಿಕ್ಷಕಿ, ಜನವರಿ 17

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ. ಮದುವೆಯಾಗಿ ಆರು ವರ್ಷವಾಯಿತು, ಮಕ್ಕಳಿಲ್ಲ. ಎತ್ತರ 154 ಸೆಂ.ಮೀ., ತೂಕ 78 ಕೆ.ಜಿ. ಕಾಲೇಜಿನ ದಿನಗಳಿಂದಲೂ ನನಗೆ ತಿಂಗಳಿಗೆ ಸರಿಯಾಗಿ ಮುಟ್ಟಾದದ್ದಿಲ್ಲ. ಎರಡು ತಿಂಗಳಿಗೊಮ್ಮೆ, ಕೆಲವು ಸಲ ನಾಲ್ಕು ತಿಂಗಳಿಗೊಮ್ಮೆ ಆಗುತ್ತಿತ್ತು. ಪಿಸಿಓಡಿ ಎಂದು ಆಗಲೇ ಹೇಳಿದ್ದರು. ನೋವಿರಲಿಲ್ಲವಾದ್ದರಿಂದ ನಾನೂ ಅದರ ಗೊಡವೆಗೆ ಹೋಗಲಿಲ್ಲ.

ಈ ಸಲ ಗೌರಿ ಹಬ್ಬದ ಸಮಯದಲ್ಲಿ ಮುಟ್ಟಾದವಳು ಸಂಕ್ರಾಂತಿ ಬಂದರೂ ಆಗಲಿಲ್ಲ. ಡಿಸೆಂಬರ್ ಕೊನೆಯಲ್ಲಿ ನಾಲ್ಕೈದು ದಿನ ಕಂದು ಬಣ್ಣದ ಕಲೆ ಕಾಣಿಸಿಕೊಂಡು ನಿಂತುಹೋಯಿತು. ಹಬ್ಬಕ್ಕೆ ಮುಂಚೆ ವೈದ್ಯರ ಬಳಿ ಹೋದೆ. ಮೂತ್ರದಲ್ಲಿ ಗರ್ಭ ಪರೀಕ್ಷೆ ಮಾಡಿ ಇಲ್ಲವೆಂದು ಖಚಿತಪಡಿಸಿಕೊಂಡರು, ಸ್ಕ್ಯಾನ್ ಮಾಡಿಸಿದರು. ಗರ್ಭಕೋಶದ ಒಳಪದರ 17 ಮಿ.ಮೀ. ದಪ್ಪವಿದೆ ಎಂದು ವರದಿಯಲ್ಲಿದೆ. ಮೆಡ್ರಾಕ್ಸಿಪ್ರೊಜೆಸ್ಟರಾನ್ 10 ಮಿ.ಗ್ರಾಂ. ಮಾತ್ರೆಯನ್ನು ದಿನಕ್ಕೊಂದರಂತೆ ಹತ್ತು ದಿನಕ್ಕೆ ಬರೆದುಕೊಟ್ಟು, ಮುಟ್ಟಾಗಿ ನಿಂತ ಮೇಲೆ ಮತ್ತೆ ಸ್ಕ್ಯಾನ್ ಮಾಡಿ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ ಎಂದರು.

ಬಯಾಪ್ಸಿ ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಮಾತ್ರೆ ತಿಂದು ಮುಟ್ಟಾದರೆ ಎಲ್ಲವೂ ಹೊರಗೆ ಹೋದಂತೆಯೇ ಅಲ್ಲವೇ, ಮತ್ತೇಕೆ ಚೂರು ತೆಗೆಸುವುದು ಎಂದು ಅತ್ತೆ ಕೇಳುತ್ತಾರೆ. ನನಗೂ ಉತ್ತರ ಗೊತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಪಾಂಡವಪುರದ ಅಜ್ಜಿ, ಜನವರಿ 17

ಮಗಳೇ, ನಿಮ್ಮ ಅತ್ತೆ ಹೇಳುವುದು ಸರಿಯಾಗಿಯೇ ಇದೆ. ತಿಂಗಳು ತಿಂಗಳು ಹೊರಗಾಗದಿದ್ದರೆ ಕೆಟ್ಟ ರಕ್ತವೆಲ್ಲ ಒಳಗೇ ನಿಂತು ಗಡ್ಡೆ ಕಟ್ಟುತ್ತದೆ ಎಂದು ನಮ್ಮ ಕಾಲದಲ್ಲಿ ಹಿರಿಯರು ಹೇಳುತ್ತಿದ್ದರು. ಎಳ್ಳು ಬೆಲ್ಲ ಕುಟ್ಟಿ ಉಂಡೆ ಮಾಡಿ ಬೆಳಗ್ಗೆ ಒಂದು, ರಾತ್ರಿ ಒಂದು ತಿನ್ನಬೇಕು, ಪರಂಗಿ ಹಣ್ಣು ತಿನ್ನಬೇಕು, ಮೈಗೆ ಉಷ್ಣವಾದರೆ ತಾನಾಗಿಯೇ ಇಳಿದುಹೋಗುತ್ತದೆ. ಸಂಕ್ರಾಂತಿಯ ಎಳ್ಳು ಮನೆಯಲ್ಲಿ ಇನ್ನೂ ಉಳಿದಿರಬೇಕಲ್ಲ. ಆದರೆ ನಾಲ್ಕು ತಿಂಗಳು ಸುಮ್ಮನೆ ಕಾದದ್ದು ತಪ್ಪು. ಅಷ್ಟು ದಿನ ಬಿಡಬಾರದಿತ್ತು.

ಔಷಧಿ ಅಂಗಡಿ, ಮದ್ದೂರು, ಜನವರಿ 17

ಇಪ್ಪತ್ತು ವರ್ಷದಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ, ಈ ಮಾತ್ರೆಯ ಚೀಟಿ ವಾರಕ್ಕೆ ನಾಲ್ಕಾದರೂ ಬರುತ್ತದೆ. ಹತ್ತು ದಿನ ತೆಗೆದುಕೊಂಡು ನಿಲ್ಲಿಸಿದ ಮೇಲೆ ಎರಡರಿಂದ ಏಳು ದಿನದೊಳಗೆ ಮುಟ್ಟಾಗುತ್ತದೆ. ಮೂರು ತಿಂಗಳಿಗೊಮ್ಮೆ ಹೀಗೆ ಒಂದು ಕೋರ್ಸ್ ಮಾಡಿದರೆ ಒಳಪದರ ದಪ್ಪವಾಗುವುದಿಲ್ಲ ಎಂದು ವೈದ್ಯರೇ ಹೇಳುತ್ತಾರೆ. ಆದ್ದರಿಂದ ಮುಟ್ಟಾದರೆ ಒಳಗೆ ಸ್ವಚ್ಛವಾಯಿತೆಂದೇ ಅರ್ಥ. ಬಯಾಪ್ಸಿ ಅನಗತ್ಯ ಖರ್ಚು ಎಂಬುದು ನನ್ನ ಅಭಿಪ್ರಾಯ. ಗೊತ್ತಿರುವವರು ಕೆಲವರು ಮುಂದಿನ ಸಲ ಚೀಟಿಯಿಲ್ಲದೆಯೇ ಬಂದು ಒಯ್ಯುತ್ತಾರೆ.

ಸ್ತ್ರೀರೋಗ ವೈದ್ಯೆ, ಮೈಸೂರು, ಜನವರಿ 18

ಶಿಕ್ಷಕಿಯವರೇ, ನಿಮ್ಮ ಪ್ರಶ್ನೆ ಬಹಳ ಸರಿಯಾದದ್ದು. ನಿಮ್ಮ ವೈದ್ಯರು ಹಿಡಿದಿರುವ ದಾರಿಯೂ ಸರಿಯಾಗಿದೆ. ಎರಡನ್ನೂ ಬಿಡಿಸಿ ಹೇಳಲು ಸ್ವಲ್ಪ ಉದ್ದವಾಗಿ ಬರೆಯಬೇಕಾಗುತ್ತದೆ.

ಮೊದಲು ಹಿರಿಯರ ಮಾತು. ಅಮ್ಮ, ಅಷ್ಟು ದಿನ ಬಿಡಬಾರದೆಂದು ನೀವು ಹೇಳಿದ್ದು ಅಕ್ಷರಶಃ ನಿಜ. ಆದರೆ ಒಳಗೆ ನಿಂತಿರುವುದು ರಕ್ತವಲ್ಲ. ಗರ್ಭಕೋಶ ರಕ್ತವನ್ನು ಕೂಡಿಡುವ ಚೀಲವಲ್ಲ. ಅದರ ಒಳಗೋಡೆಯ ಮೇಲೆ ಒಂದು ಜೀವಂತ ಪದರ ಬೆಳೆಯುತ್ತದೆ, ಸ್ಕ್ಯಾನ್‌ನಲ್ಲಿ 17 ಮಿ.ಮೀ. ಎಂದು ಅಳೆದಿರುವುದು ಆ ಬೆಳೆಯನ್ನು. ಅದು ಇಳಿದು ಹೋಗದೆ ಉಳಿದ ಕೊಳೆಯಲ್ಲ, ಬೆಳೆಯುತ್ತಲೇ ಇರುವ ಜೀವಕೋಶಗಳು. ಈ ಒಂದು ವ್ಯತ್ಯಾಸದಿಂದಲೇ ಉಳಿದ ಉತ್ತರವೆಲ್ಲ ಬೇರೆಯಾಗುತ್ತದೆ.

ನಾನು ಭತ್ತ ಬೆಳೆಯುವ ಮನೆಯಿಂದ ಬಂದವಳು, ರೋಗಿಗಳಿಗೂ ಗದ್ದೆಯ ಮಾತಿನಲ್ಲಿಯೇ ಹೇಳುತ್ತೇನೆ. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಈ ಪದರಕ್ಕೆ ನೀರು ಗೊಬ್ಬರವಿದ್ದಂತೆ, ಅದು ಇರುವಷ್ಟು ದಿನ ಪದರ ಬೆಳೆಯುತ್ತದೆ. ಅಂಡಾಣು ಬಿಡುಗಡೆಯಾದ ಮೇಲೆ, ಅದು ಹೊರಟ ಜಾಗದಲ್ಲಿಯೇ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ತಯಾರಾಗುತ್ತದೆ. ಅದು ಬೆಳವಣಿಗೆಯನ್ನು ನಿಲ್ಲಿಸಿ ತೆನೆಯನ್ನು ಹಣ್ಣು ಮಾಡುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು ಹದಿನಾಲ್ಕು ದಿನದಲ್ಲಿ ಅದು ಇಳಿದುಹೋಗಿ, ಇಡೀ ಗದ್ದೆ ಒಟ್ಟಿಗೆ ಕೊಯ್ಲಾಗುತ್ತದೆ. ಅದೇ ಮುಟ್ಟು. ನಿಮ್ಮಂಥವರಲ್ಲಿ ತಿಂಗಳುಗಟ್ಟಲೆ ಅಂಡಾಣು ಬಿಡುಗಡೆಯಾಗುವುದೇ ಇಲ್ಲ, ಆದ್ದರಿಂದ ಪ್ರೊಜೆಸ್ಟರಾನ್ ಬರುವುದಿಲ್ಲ, ಆದರೆ ಈಸ್ಟ್ರೋಜನ್ ಬರುತ್ತಲೇ ಇರುತ್ತದೆ. ಮೈಯಲ್ಲಿ ಕೊಬ್ಬು ಹೆಚ್ಚಿದ್ದರೆ ಆ ಕೊಬ್ಬಿನಲ್ಲಿಯೂ ಒಂದಷ್ಟು ಈಸ್ಟ್ರೋಜನ್ ತಯಾರಾಗುತ್ತದೆ. ಹೀಗೆ ಹಣ್ಣಾಗದೆ ಬೆಳೆಯುತ್ತಲೇ ಹೋದ ಪೈರು ಒಂದು ದಿನ ತನ್ನ ಭಾರಕ್ಕೆ ತಾನೇ ಅಲ್ಲಲ್ಲಿ ಮಗುಚಿಕೊಳ್ಳುತ್ತದೆ. ಡಿಸೆಂಬರಿನಲ್ಲಿ ನೀವು ಕಂಡ ಕಂದು ಕಲೆ ಬಹುಶಃ ಅಂಥದ್ದೇ. ಪೈರು ಮಗುಚಿದ್ದು ಕೊಯ್ಲಾದಂತಲ್ಲ. ಹಾಗಾಗಿ ಇಂಥ ಕಲೆಯನ್ನೋ, ಬಹು ದಿನಗಳ ಮೇಲೆ ಒಮ್ಮೆಗೇ ಬರುವ ವಿಪರೀತ ರಕ್ತಸ್ರಾವವನ್ನೋ ಮುಟ್ಟೆಂದು ಲೆಕ್ಕ ಹಾಕಿ ಸಮಾಧಾನಪಟ್ಟುಕೊಳ್ಳಬಾರದು.

ಈಗ ಮಾತ್ರೆಯ ವಿಷಯ. ಅದು ಹೊರಗಿನಿಂದ ಕೊಡುವ ಪ್ರೊಜೆಸ್ಟರಾನ್, ಇಲ್ಲದೆ ಹೋದ ಹಾರ್ಮೋನನ್ನು ತುಂಬಿಕೊಟ್ಟು ಕೊಯ್ಲು ಮಾಡಿಸುತ್ತದೆ. ಪದರ ಸಹಜವಾಗಿದ್ದರೆ ಅಷ್ಟೇ ಸಾಕು. ಆದರೆ ಹಲವು ವರ್ಷ ಹೀಗೆಯೇ ಬೆಳೆದ ಪದರದಲ್ಲಿ ಕೆಲವು ಕಡೆ ಗ್ರಂಥಿಗಳು ಒತ್ತೊತ್ತಾಗಿ, ಆಕಾರ ಕೆಟ್ಟು ಬೆಳೆದಿರಬಹುದು, ಅದಕ್ಕೆ ನಾವು ಹೈಪರ್‌ಪ್ಲೇಸಿಯಾ ಎನ್ನುತ್ತೇವೆ. ಅಂಥ ಪದರವಿದ್ದವರಿಗೂ ಮಾತ್ರೆ ನಿಲ್ಲಿಸಿದಾಗ ರಕ್ತ ಹೋಗುತ್ತದೆ! ರಕ್ತ ಹೋಯಿತೆಂದರೆ ಈಸ್ಟ್ರೋಜನ್ ಇತ್ತು, ಪದರ ಬೆಳೆದಿತ್ತು, ಹೊರದಾರಿ ತೆರೆದಿದೆ ಎಂದಷ್ಟೇ ಗೊತ್ತಾಗುತ್ತದೆ. ಉಳಿದ ಪದರದ ಜೀವಕೋಶಗಳು ಹೇಗಿವೆ ಎಂಬುದನ್ನು ರಕ್ತ ಹೇಳಲಾರದು, ಸ್ಕ್ಯಾನ್ ಕೂಡ ಹೇಳಲಾರದು. ಅದನ್ನು ಹೇಳಬಲ್ಲದ್ದು ಸೂಕ್ಷ್ಮದರ್ಶಕದ ಕೆಳಗಿನ ಚೂರು ಮಾತ್ರ. ನಿಮ್ಮ ಅತ್ತೆಯವರ ಪ್ರಶ್ನೆಗೆ ಉತ್ತರ ಇದೇ.

ಮದ್ದೂರಿನವರಿಗೆ ಒಂದು ಮಾತು. ಮೂರು ತಿಂಗಳಿಗೊಮ್ಮೆ ಎಂಬ ಲೆಕ್ಕ ಸರಿ. ಪಿಸಿಓಡಿ ಇರುವವರಲ್ಲಿ 90 ದಿನಕ್ಕಿಂತ ಹೆಚ್ಚು ಅಂತರವಾಗಲು ಬಿಡಬಾರದು ಎಂದೇ ನಾವೂ ಹೇಳುತ್ತೇವೆ. ಆದರೆ ಪ್ರತಿ ಸಲವೂ ಮೊದಲು ಗರ್ಭ ಪರೀಕ್ಷೆ ಆಗಲೇಬೇಕು. ಅಂತರ ಹೆಚ್ಚಿರುವವರಲ್ಲಿಯೂ ಯಾವುದೋ ಒಂದು ತಿಂಗಳು ಅಂಡಾಣು ಬಿಡುಗಡೆಯಾಗಬಹುದು, ಗರ್ಭ ನಿಂತದ್ದು ಗೊತ್ತಾಗದೆ ಅದನ್ನೂ "ಮುಟ್ಟು ತಡ" ಎಂದೇ ತಿಳಿದಿರುತ್ತಾರೆ. ಚೀಟಿಯಿಲ್ಲದೆ ಕೊಟ್ಟರೆ ಆ ಪರೀಕ್ಷೆಯೇ ತಪ್ಪಿಹೋಗುತ್ತದೆ.

ಶ್ರೀರಂಗಪಟ್ಟಣದ ಓದುಗ, ಜನವರಿ 18

ಮೇಡಂ, ಓದಿ ಗಾಬರಿಯಾಯಿತು. ಒಳಪದರ 4 ಮಿ.ಮೀ.ಗಿಂತ ಹೆಚ್ಚಿದ್ದರೆ ಕ್ಯಾನ್ಸರ್ ಅನುಮಾನವೆಂದು ಎಲ್ಲೋ ಓದಿದ್ದೆ. ನನ್ನ ಹೆಂಡತಿಗೆ 29 ವರ್ಷ, ತಿಂಗಳು ತಿಂಗಳು ಸರಿಯಾಗಿಯೇ ಮುಟ್ಟಾಗುತ್ತಾಳೆ. ಹೊಟ್ಟೆನೋವಿಗೆಂದು ಕಳೆದ ವಾರ ಸ್ಕ್ಯಾನ್ ಮಾಡಿಸಿದಾಗ 11 ಮಿ.ಮೀ. ಎಂದು ಬಂದಿದೆ. ಇವರದು 17 ಎಂದರೆ ಬಹಳ ಗಂಭೀರವಲ್ಲವೇ?

ಸ್ತ್ರೀರೋಗ ವೈದ್ಯೆ, ಮೈಸೂರು, ಜನವರಿ 18

ಆ 4 ಮಿ.ಮೀ. ಎಂಬುದು ಮುಟ್ಟು ಪೂರ್ತಿ ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡ ಹೆಂಗಸರಿಗೆ ಇರುವ ಲೆಕ್ಕ, ಮುಟ್ಟಾಗುತ್ತಿರುವವರಿಗೆ ಅದನ್ನು ಹಚ್ಚುವಂತಿಲ್ಲ. ಮುಟ್ಟಾದ ಕೂಡಲೇ ಪದರ ತೆಳ್ಳಗಿರುತ್ತದೆ, ಮುಂದಿನ ಮುಟ್ಟು ಹತ್ತಿರವಾದಾಗ 11 ಏನು, 15ರ ಆಸುಪಾಸಿಗೆ ಹೋದರೂ ಸಹಜವೇ. ನಿಮ್ಮ ಪತ್ನಿಯವರ ಸ್ಕ್ಯಾನ್ ಮುಟ್ಟಿನ ಎಷ್ಟನೆಯ ದಿನ ಆಯಿತೆಂದು ನೋಡಿ, ಆ ದಿನವಿಲ್ಲದೆ ಈ ಅಂಕಿಗೆ ಅರ್ಥವೇ ಇಲ್ಲ. ಶಿಕ್ಷಕಿಯವರ 17 ಕೂಡ ತಾನಾಗಿ ಗಂಭೀರವೆಂದು ನಾನು ಹೇಳುವುದಿಲ್ಲ. ರಕ್ತ ಹೋಗಿ ನಿಂತ ಮೇಲೆ, ತೆಳ್ಳಗಾಗಿರಬೇಕಾದ ಹೊತ್ತಿನಲ್ಲಿ ಅದು ಎಷ್ಟಿದೆ, ಒಂದೇ ಸಮನಾಗಿದೆಯೋ ಅಥವಾ ಒಳಗೆ ಸಣ್ಣ ಸಣ್ಣ ಗುಳ್ಳೆಗಳಂತೆ ಏರುಪೇರಾಗಿದೆಯೋ ಎಂಬುದು ಮುಖ್ಯ. ಅದಕ್ಕಾಗಿಯೇ ಅವರ ವೈದ್ಯರು ಎರಡನೆಯ ಸ್ಕ್ಯಾನ್ ಹೇಳಿದ್ದಾರೆ.

ನಾಗಮಂಗಲದಿಂದ, ಜನವರಿ 19

ಅಕ್ಕಂದಿರೇ, ನನ್ನದೂ ಇದೇ ತೊಂದರೆ. ಎರಡನೆಯ ಮಗುವಾದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳಾಗದಂತೆ ತಡೆಯುವ ಅಂತರಾ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಿದ್ದೇನೆ, ಮೂರು ತಿಂಗಳಿಗೊಂದರಂತೆ ಮೂರು ಆಯಿತು. ಎಂಟು ತಿಂಗಳಿಂದ ಮುಟ್ಟೇ ಇಲ್ಲ. ಮೇಲಿನದನ್ನು ಓದಿದ ಮೇಲೆ ನನ್ನ ಒಳಪದರ ಎಷ್ಟು ಬೆಳೆದಿದೆಯೋ ಎಂದು ರಾತ್ರಿ ನಿದ್ದೆ ಬರಲಿಲ್ಲ. ಚುಚ್ಚುಮದ್ದು ನಿಲ್ಲಿಸಬೇಕೇ?

ನಿವೃತ್ತ ಶುಶ್ರೂಷಕಿ, ಮೈಸೂರು, ಜನವರಿ 19

ತಂಗಿ, ನಿಮ್ಮದು ಇದೇ ತೊಂದರೆಯಲ್ಲ, ಇದಕ್ಕೆ ತದ್ವಿರುದ್ಧ. ಅಂತರಾ ಚುಚ್ಚುಮದ್ದಿನಲ್ಲಿರುವುದು ಶಿಕ್ಷಕಿಯವರಿಗೆ ಮಾತ್ರೆಯಾಗಿ ಕೊಟ್ಟಿರುವ ಅದೇ ಔಷಧಿ. ಮೂರು ತಿಂಗಳೂ ಅದು ಮೈಯಲ್ಲಿರುವುದರಿಂದ ಪದರ ಬೆಳೆಯುವುದೇ ಇಲ್ಲ, ತೆಳ್ಳಗಾಗಿಬಿಡುತ್ತದೆ. ಉದುರಲು ಏನೂ ಇಲ್ಲದಿರುವುದರಿಂದ ಮುಟ್ಟಾಗುವುದಿಲ್ಲ. ಇದೊಂದೇ ಭಯದಿಂದ ಚುಚ್ಚುಮದ್ದು ಬಿಡಬೇಡಿ. ಹೆರಿಗೆ ವಾರ್ಡಿನಲ್ಲಿದ್ದಾಗ ಈ ಹೆದರಿಕೆಗೆ ಚುಚ್ಚುಮದ್ದು ಬಿಟ್ಟು, ಆರು ತಿಂಗಳಲ್ಲಿ ಬಸುರಾಗಿ ಬಂದವರನ್ನು ನಾನು ನೋಡಿದ್ದೇನೆ.

ಹಾಸ್ಟೆಲ್ ವಿದ್ಯಾರ್ಥಿನಿ, ಮೈಸೂರು, ಜನವರಿ 19

ಮೇಡಂ, ನನಗೆ 21 ವರ್ಷ, ಅಥ್ಲೆಟಿಕ್ಸ್ ತಂಡದಲ್ಲಿದ್ದೇನೆ. ಒಂದು ವರ್ಷದಲ್ಲಿ 54 ಕೆ.ಜಿ. ಇದ್ದವಳು 43ಕ್ಕೆ ಇಳಿದಿದ್ದೇನೆ, ಆರು ತಿಂಗಳಿಂದ ಮುಟ್ಟಾಗಿಲ್ಲ. ಹೊಟ್ಟೆಯ ಮೇಲಿನಿಂದ ಮಾಡಿದ ಸ್ಕ್ಯಾನ್‌ನಲ್ಲಿ ಪದರ 3 ಮಿ.ಮೀ. ಎಂದು ಬಂದಿದೆ. ನಾನೂ ಈ ಮಾತ್ರೆ ತೆಗೆದುಕೊಂಡು ಮುಟ್ಟಾಗಬೇಕೇ?

ಸ್ತ್ರೀರೋಗ ವೈದ್ಯೆ, ಮೈಸೂರು, ಜನವರಿ 20

ನಾಗಮಂಗಲದವರಿಗೆ ಸಿಸ್ಟರ್ ಕೊಟ್ಟ ಉತ್ತರಕ್ಕೆ ಸೇರಿಸಲು ನನ್ನ ಬಳಿ ಏನೂ ಇಲ್ಲ.

ವಿದ್ಯಾರ್ಥಿನಿಗೆ: ನಿಮ್ಮ ಗದ್ದೆಗೆ ನೀರೇ ಬಂದಿಲ್ಲಮ್ಮ. ತಿನ್ನುವುದು ಕಡಿಮೆಯಾಗಿ ಓಟ ಹೆಚ್ಚಾದಾಗ ಮಿದುಳು ಅಂಡಾಶಯಕ್ಕೆ ಕೊಡುವ ಸೂಚನೆಯನ್ನೇ ತಗ್ಗಿಸಿಬಿಡುತ್ತದೆ, ಈಸ್ಟ್ರೋಜನ್ ಕುಸಿಯುತ್ತದೆ. ನಿಮಗೆ ಪದರ ದಪ್ಪವಾಗುವ ಭಯವಿಲ್ಲ. ಈಸ್ಟ್ರೋಜನ್ ಇಲ್ಲದೆ ಮೂಳೆ ಸವೆಯುವ ಭಯವಿದೆ, ಓಟಗಾರ್ತಿಗೆ ಅದು ಸಣ್ಣ ವಿಷಯವಲ್ಲ. ಮಾತ್ರೆ ಕೊಟ್ಟರೂ ನಿಮಗೆ ರಕ್ತ ಹೋಗದಿರಬಹುದು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಮತ್ತು ಅಂಡಾಶಯದ ಹಾರ್ಮೋನ್‌ಗಳ ರಕ್ತ ಪರೀಕ್ಷೆ ಮಾಡಿಸಿ, ಊಟವನ್ನು ಸರಿಪಡಿಸಿಕೊಳ್ಳಿ, ತಡ ಮಾಡಬೇಡಿ. ಆರು ತಿಂಗಳು ಮುಟ್ಟಿಲ್ಲ ಎಂಬ ಒಂದೇ ಮಾತಿನ ಹಿಂದೆ ಇಷ್ಟು ಬೇರೆ ಬೇರೆ ಕಾರಣಗಳಿರುತ್ತವೆ. ಈ ಮೂವರಲ್ಲಿ ಪದರದ ಬಗ್ಗೆ ಯೋಚಿಸಬೇಕಾದದ್ದು ಶಿಕ್ಷಕಿಯವರು ಒಬ್ಬರೇ.

ಪಿ.ಜಿ. ವಿದ್ಯಾರ್ಥಿ, ಮೈಸೂರು, ಜನವರಿ 20

ಮೇಡಂ ಅವರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. 34 ವಯಸ್ಸಿನವರಲ್ಲಿ, ಮಾತ್ರೆಯ ಮೊದಲ ಕೋರ್ಸ್ ಮುಗಿದ ಮೇಲೆ ಪದರ ಚೆನ್ನಾಗಿ ತೆಳ್ಳಗಾದರೆ, ಬಯಾಪ್ಸಿಯನ್ನು ಮುಂದೂಡಿ ಮೂರು ತಿಂಗಳು ಪ್ರೊಜೆಸ್ಟರಾನ್ ಕೊಟ್ಟು ನೋಡಬಹುದೆಂದು ನನಗನಿಸುತ್ತದೆ. ದೀರ್ಘ ಅಂತರವಿರುವ ಎಲ್ಲರಿಗೂ ಚೂರು ತೆಗೆಯುತ್ತಾ ಹೋದರೆ, ಎಷ್ಟೋ ಜನರಿಗೆ ಅನವಶ್ಯಕವಾಗಿ ನೋವು ಕೊಟ್ಟಂತಾಗುತ್ತದೆ.

ಸ್ತ್ರೀರೋಗ ವೈದ್ಯೆ, ಮೈಸೂರು, ಜನವರಿ 20

ಎಲ್ಲರಿಗೂ ಬೇಡ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಇವರ ವಯಸ್ಸನ್ನು ಮಾತ್ರ ನೋಡಿದರೆ ಸಾಲದು. ಎತ್ತರ ತೂಕದ ಲೆಕ್ಕದಲ್ಲಿ ಬಿಎಂಐ 33ರ ಹತ್ತಿರವಿದೆ, ಹೆರಿಗೆಯಾಗಿಲ್ಲ, ಹದಿನೈದು ವರ್ಷದಷ್ಟು ಕಾಲ ಪದರಕ್ಕೆ ಪ್ರೊಜೆಸ್ಟರಾನ್ ಸರಿಯಾಗಿ ಸಿಕ್ಕಿಲ್ಲ, ಮೇಲಾಗಿ ನಡುವೆ ಕಲೆ ಬೇರೆ ಕಾಣಿಸಿಕೊಂಡಿದೆ. ಹಾಗಿದ್ದರೂ ಎರಡನೆಯ ಸ್ಕ್ಯಾನ್‌ನಲ್ಲಿ ಪದರ ತೆಳ್ಳಗೆ, ಸಮನಾಗಿ ಕಂಡರೆ ನಿಮ್ಮ ದಾರಿಯನ್ನು ತಪ್ಪೆನ್ನಲಾರೆ. ಆದರೂ ನಾನಾಗಿದ್ದರೆ ತೆಗೆಯುತ್ತಿದ್ದೆ. ಇದರಲ್ಲಿ ಅನುಭವಸ್ಥರಲ್ಲೂ ಒಮ್ಮತವಿಲ್ಲ.

ಕುವೆಂಪುನಗರದ ಗೃಹಿಣಿ, ಜನವರಿ 22

ನನಗೆ 47 ವರ್ಷ. ನಾಲ್ಕು ತಿಂಗಳು ಮುಟ್ಟಾಗದೆ, ನಿಂತೇಹೋಯಿತೆಂದು ತಿಳಿದಿದ್ದಾಗ ಒಮ್ಮೆಗೇ ಶುರುವಾಗಿ ಮೂರು ವಾರ ಗಡ್ಡೆ ಗಡ್ಡೆಯಾಗಿ ಹೋಯಿತು. ಸ್ಕ್ಯಾನ್ ನೋಡಿದ ಒಬ್ಬ ವೈದ್ಯರು ಪದರ ದಪ್ಪವಿದೆ, ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ ಎಂದು ಅಂದೇ ತಾರೀಖು ಕೊಟ್ಟರು. ನನ್ನ ಚಿಕ್ಕಮ್ಮನಿಗೂ ಇದೇ ವಯಸ್ಸಿಗೆ ತೆಗೆಸಿದ್ದರು. ಒಪ್ಪಿಕೊಳ್ಳಲೋ ಬೇಡವೋ ತಿಳಿಯುತ್ತಿಲ್ಲ.

ಸ್ತ್ರೀರೋಗ ವೈದ್ಯೆ, ಮೈಸೂರು, ಜನವರಿ 22

ಅಮ್ಮ, ದಯವಿಟ್ಟು ಚೂರು ಪರೀಕ್ಷೆಯ ವರದಿ ಕೈಗೆ ಬರುವ ಮುಂಚೆ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ. ನಿಮ್ಮ ವಯಸ್ಸಿನಲ್ಲಿ, ಇಂಥ ರಕ್ತಸ್ರಾವಕ್ಕೆ ಬಯಾಪ್ಸಿ ಆಗಲೇಬೇಕು, ಅದರ ಬಗ್ಗೆ ನನಗೂ ಪಿ.ಜಿ. ವಿದ್ಯಾರ್ಥಿಗೂ ಭಿನ್ನಾಭಿಪ್ರಾಯವಿರಲಾರದು. ವರದಿ ಸಹಜವೆಂದು ಬಂದರೆ ಔಷಧಿಯಲ್ಲಿಯೇ ಮುಗಿಯಬಹುದು. ಒಂದು ವೇಳೆ ಜೀವಕೋಶಗಳು ಕೆಟ್ಟಿವೆ ಎಂದು ಬಂದರೆ ಶಸ್ತ್ರಚಿಕಿತ್ಸೆಯನ್ನೇ ಬೇರೆ ತಯಾರಿಯಲ್ಲಿ ಮಾಡಬೇಕಾಗುತ್ತದೆ. ಎರಡರಲ್ಲಿಯೂ ವರದಿ ಮೊದಲು ಬೇಕು. ಮೂರು ವಾರ ರಕ್ತ ಹೋಗಿರುವುದರಿಂದ ನಾಳೆಯೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದರೆ ನಾಳೆಯವರೆಗೂ ಕಾಯಬೇಡಿ.

ಮಂಡ್ಯದ ಶಿಕ್ಷಕಿ, ಫೆಬ್ರವರಿ 5

ನಡೆದದ್ದನ್ನು ತಿಳಿಸಲು ಬಂದೆ. ಮಾತ್ರೆ ಮುಗಿದ ಮೂರನೆಯ ದಿನ ಮುಟ್ಟಾಯಿತು, ಆರು ದಿನ ಬಹಳ ಹೋಯಿತು. ಅತ್ತೆ ಸಂತೋಷಪಟ್ಟು ದೇವರಿಗೆ ತುಪ್ಪದ ದೀಪ ಹಚ್ಚಿದರು. ಆದರೆ ಮುಟ್ಟು ನಿಂತ ಮರುದಿನ ಮಾಡಿದ ಸ್ಕ್ಯಾನ್‌ನಲ್ಲಿ ಪದರ 9 ಮಿ.ಮೀ. ಇದೆ, ಸಮನಾಗಿಲ್ಲ ಎಂದು ಬಂತು. ಚೂರು ತೆಗೆಸಿಕೊಳ್ಳಲು ಒಪ್ಪಿದೆ.

ನಿನ್ನೆ ತೆಗೆದರು. ನನ್ನಂತೆಯೇ ಹೆದರಿದವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಆಪರೇಷನ್ ಥಿಯೇಟರಿಗೆ ಕರೆದೊಯ್ಯಲಿಲ್ಲ, ಪ್ರಜ್ಞೆ ತಪ್ಪಿಸಲಿಲ್ಲ. ಒಂದು ಗಂಟೆ ಮುಂಚೆ ನೋವಿನ ಮಾತ್ರೆ ನುಂಗಿಸಿದರು. ಪೈಪೆಲ್ ಎಂಬ ಪ್ಲಾಸ್ಟಿಕ್ ಕೊಳವೆಯನ್ನು ತೋರಿಸಿದರು, ಬಾಲ್ ಪೆನ್ನಿನ ರೀಫಿಲ್‌ನಷ್ಟೇ ಸಪೂರವಾಗಿತ್ತು. ಅದನ್ನು ಒಳಗೆ ಸೇರಿಸಿ, ಕೊಳವೆಯೊಳಗಿನ ಕಡ್ಡಿಯನ್ನು ಹಿಂದಕ್ಕೆ ಎಳೆದು ತಿರುಗಿಸಿದಾಗ, ಮುಟ್ಟಿನ ಮೊದಲ ದಿನದ ನೋವಿನ ಎರಡರಷ್ಟು ನೋವು ಕಿಬ್ಬೊಟ್ಟೆಯಲ್ಲಿ ಹಿಂಡಿದಂತಾಯಿತು. ಅರ್ಧ ನಿಮಿಷ ಇದ್ದಿರಬಹುದು. ನೋವಿಲ್ಲವೆಂದು ಸುಳ್ಳು ಹೇಳಲಾರೆ, ಆದರೆ ನಾನು ಕಲ್ಪಿಸಿಕೊಂಡದ್ದರ ಮುಂದೆ ಏನೂ ಅಲ್ಲ. ಸಣ್ಣ ಬಾಟಲಿಯ ದ್ರವದಲ್ಲಿ ಕೆಂಪನೆಯ ಎಳೆಗಳಂಥ ಚೂರುಗಳು ತೇಲುತ್ತಿದ್ದವು. ನರ್ಸ್ ಬಾಟಲಿಯ ಮೇಲೆ ನನ್ನ ಹೆಸರು ಬರೆದು, ನನ್ನಿಂದಲೇ ಗಟ್ಟಿಯಾಗಿ ಓದಿಸಿ ಸರಿಯಿದೆಯೇ ಎಂದು ಕೇಳಿದರು. ಅರ್ಧ ಗಂಟೆ ಕುಳಿತಿದ್ದು ಬಸ್ಸಿನಲ್ಲಿಯೇ ಮನೆಗೆ ಬಂದೆ.

ನಿವೃತ್ತ ಶುಶ್ರೂಷಕಿ, ಮೈಸೂರು, ಫೆಬ್ರವರಿ 5

ಚೆನ್ನಾಗಿ ಬರೆದಿದ್ದೀರಿ ತಂಗಿ. ಎರಡು ದಿನ ಸ್ವಲ್ಪ ರಕ್ತ ಕಾಣಿಸಬಹುದು. ಜ್ವರ ಬಂದರೆ, ವಾಸನೆಯ ಸ್ರಾವವಾದರೆ ಮಾತ್ರ ಕೂಡಲೇ ಹೋಗಿ. ಇನ್ನೊಂದು ಮಾತು ತಿಳಿದಿರಲಿ. ಕೆಲವೊಮ್ಮೆ ಚೂರು ಸಾಲದು ಎಂದು ವರದಿ ಬರುತ್ತದೆ. ಕೊಳವೆ ಎಲ್ಲ ಮೂಲೆಗೂ ಹೋಗುವುದಿಲ್ಲವಾದ್ದರಿಂದ ಪಾಲಿಪ್‌ನಂಥ ಒಂದೇ ಕಡೆ ಇರುವ ಬೆಳವಣಿಗೆ ತಪ್ಪಿಹೋಗುವುದೂ ಉಂಟು. ಹಾಗೆ ಅನುಮಾನವಿದ್ದರೆ ಕ್ಯಾಮೆರಾ ಹಾಕಿ ಕಣ್ಣಿನಲ್ಲಿಯೇ ನೋಡಿ ತೆಗೆಯುತ್ತಾರೆ, ಅದಕ್ಕೆ ಹಿಸ್ಟರೋಸ್ಕೋಪಿ ಎನ್ನುತ್ತಾರೆ. ಹಾಗೆ ಹೇಳಿದರೆ ಮೊದಲಿನವರು ಸರಿಯಾಗಿ ಮಾಡಲಿಲ್ಲವೆಂದು ಬೇಸರ ಪಡಬೇಡಿ.

ಮಂಡ್ಯದ ಶಿಕ್ಷಕಿ, ಫೆಬ್ರವರಿ 13

ವರದಿ ಬಂತು. "ಹೈಪರ್‌ಪ್ಲೇಸಿಯಾ ವಿದೌಟ್ ಏಟಿಪಿಯಾ" ಎಂದಿದೆ, ಅಂದರೆ ಪದರ ಅತಿಯಾಗಿ ಬೆಳೆದಿದೆ, ಆದರೆ ಜೀವಕೋಶಗಳ ರೂಪ ಕೆಟ್ಟಿಲ್ಲವಂತೆ. ಕ್ಯಾನ್ಸರ್ ಅಲ್ಲ ಎಂದು ವೈದ್ಯರು ಎರಡು ಸಲ ಹೇಳಿದರು, ನಾನು ಮೂರನೆಯ ಸಲ ಕೇಳಿದೆ. ಆರು ತಿಂಗಳು ಚಿಕಿತ್ಸೆ ಬೇಕಂತೆ. ಒಂದೋ ಪ್ರತಿದಿನ ಮಾತ್ರೆ, ಇಲ್ಲವೇ ಹಾರ್ಮೋನ್ ಇರುವ ವಂಕಿಯನ್ನು ಗರ್ಭಕೋಶದೊಳಗೆ ಇಡುವುದು. ವಂಕಿಯೇ ಹೆಚ್ಚು ಒಳ್ಳೆಯದು ಎಂದರು. ಇಲ್ಲಿಯೇ ಮನೆಯಲ್ಲಿ ತೊಡಕಾಗಿರುವುದು. ಮಕ್ಕಳಿಲ್ಲವೆಂದು ಕೊರಗುತ್ತಿರುವಾಗ ಮಕ್ಕಳಾಗದಂತೆ ತಡೆಯುವ ವಂಕಿಯನ್ನು ಯಾರಾದರೂ ಹಾಕಿಸಿಕೊಳ್ಳುತ್ತಾರೆಯೇ ಎಂದು ಅತ್ತೆ ಅಳುತ್ತಾರೆ. ಹಿಂದಿನಂತೆ ಮೂರು ತಿಂಗಳಿಗೊಮ್ಮೆ ಹತ್ತು ದಿನದ ಮಾತ್ರೆ ಸಾಲದೇ ಮೇಡಂ?

ಸ್ತ್ರೀರೋಗ ವೈದ್ಯೆ, ಮೈಸೂರು, ಫೆಬ್ರವರಿ 13

ಸಾಲದಮ್ಮ. ಮೂರು ತಿಂಗಳಿಗೊಮ್ಮೆ ಕೊಡುವುದು ಸಹಜ ಪದರವನ್ನು ಕಾಪಾಡಲು. ಈಗಾಗಲೇ ಕೆಟ್ಟಿರುವ ಪದರವನ್ನು ಸರಿಪಡಿಸಲು ಪ್ರೊಜೆಸ್ಟರಾನ್ ಬಿಡುವಿಲ್ಲದೆ, ಕನಿಷ್ಠ ಆರು ತಿಂಗಳು ಸಿಗಬೇಕು. ಮಾತ್ರೆಯಲ್ಲಾದರೆ ಒಂದು ದಿನವೂ ತಪ್ಪಬಾರದು, ಹೊಟ್ಟೆ ಉಬ್ಬರ, ಮನಸ್ಸಿನ ಏರುಪೇರುಗಳೂ ಹೆಚ್ಚು. ವಂಕಿಯಲ್ಲಾದರೆ ಔಷಧಿ ನೇರವಾಗಿ ಪದರದ ಮೇಲೆಯೇ ದಿನವಿಡೀ ಇಳಿಯುತ್ತದೆ, ಪದರ ಮೊದಲಿನಂತಾಗುವ ಸಾಧ್ಯತೆಯೂ ಹೆಚ್ಚು. ಆದರೆ ಅದು ತಾಮ್ರದ ಕಾಪರ್-ಟಿ ಆಗಿರಬಾರದು; ಹೆಸರು ಒಂದೇ ಬಗೆಯದಾದರೂ ಕಾಪರ್-ಟಿಯಲ್ಲಿ ಈ ಔಷಧಿಯಿಲ್ಲ.

ಅತ್ತೆಯವರಿಗೆ ಹೀಗೆ ಹೇಳಿ ನೋಡಿ. ಕೆಟ್ಟ ಪದರದಲ್ಲಿ ಗರ್ಭ ನಿಲ್ಲುವುದು ಕಷ್ಟ, ಪದರ ಸರಿಯಾದ ಮೇಲೆ ವಂಕಿ ತೆಗೆದರೆ ಅದರ ತಡೆ ಅಂದಿಗೇ ಮುಗಿಯುತ್ತದೆ, ಆಮೇಲೆ ಅಂಡಾಣು ಬಿಡುಗಡೆಯಾಗಲು ಮಾತ್ರೆ ಕೊಡಬಹುದು. ಈ ಬಗೆಯ ಪದರ ಇಪ್ಪತ್ತು ವರ್ಷದ ಅವಧಿಯಲ್ಲಿ ಕ್ಯಾನ್ಸರ್ ಆಗುವ ಸಾಧ್ಯತೆ ನೂರಕ್ಕೆ ಐದಕ್ಕಿಂತಲೂ ಕಡಿಮೆ, ಹಾಗಾಗಿ ಆರು ತಿಂಗಳು ಕಾಯಲು ನಮಗೆ ಧೈರ್ಯವಿದೆ. ವರದಿಯಲ್ಲಿ ಏಟಿಪಿಯಾ ಇದೆ ಎಂದು ಬಂದಿದ್ದರೆ ನಾನು ಇಷ್ಟು ಸಮಾಧಾನದಿಂದ ಬರೆಯುತ್ತಿರಲಿಲ್ಲ. ನಡುವೆ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ, 78ರಿಂದ ಒಂದು ನಾಲ್ಕೈದು ಕೆ.ಜಿ. ಇಳಿದರೂ ಕೆಲವರಲ್ಲಿ ಅಂಡಾಣು ತಾನಾಗಿಯೇ ಬಿಡುಗಡೆಯಾಗತೊಡಗುತ್ತದೆ.

ಪಾಂಡವಪುರದ ಅಜ್ಜಿ, ಫೆಬ್ರವರಿ 14

ಮಗಳೇ, ಎಳ್ಳುಂಡೆಯಲ್ಲಿ ಮುಗಿಯುವ ಮಾತಲ್ಲ ಎಂದು ಈಗ ತಿಳಿಯಿತು. ನನ್ನ ಮೊಮ್ಮಗಳಿಗೆ 19, ಅವಳಿಗೂ ಮೂರು ಮೂರು ತಿಂಗಳಿಗೆ ಆಗುತ್ತದೆ. ಮದುವೆಯಾಗದ ಹುಡುಗಿಗೆ ಈ ಪರೀಕ್ಷೆಯೆಲ್ಲ ಮಾಡುತ್ತಾರೆಯೇ ಡಾಕ್ಟರಮ್ಮ?

ಸ್ತ್ರೀರೋಗ ವೈದ್ಯೆ, ಮೈಸೂರು, ಫೆಬ್ರವರಿ 14

ಅಮ್ಮ, ಆ ವಯಸ್ಸಿಗೆ ಸಾಮಾನ್ಯವಾಗಿ ಚೂರು ತೆಗೆಯುವ ಅಗತ್ಯ ಬೀಳುವುದಿಲ್ಲ. ಹೊಟ್ಟೆಯ ಮೇಲಿನಿಂದ ಸ್ಕ್ಯಾನ್, ಒಂದೆರಡು ರಕ್ತ ಪರೀಕ್ಷೆ, ಅಂತರ 90 ದಿನ ದಾಟದಂತೆ ಔಷಧಿ, ಇಷ್ಟು ಸಾಕಾಗುತ್ತದೆ. ಮುಟ್ಟಿನ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿಯೇ ಗುರುತು ಹಾಕಲು ಹೇಳಿ, ಬರುವಾಗ ಅದನ್ನೇ ಕಿತ್ತು ತಂದರೂ ಸರಿ.

ಮಂಡ್ಯದ ಶಿಕ್ಷಕಿ, ಫೆಬ್ರವರಿ 16

ನಿನ್ನೆ ರಾತ್ರಿಯಿಂದ ಮಾತ್ರೆ ಶುರು ಮಾಡಿದ್ದೇನೆ. ನನ್ನ ಯಜಮಾನರು ವಂಕಿಯ ಪರವಾಗಿದ್ದಾರೆ, ಅತ್ತೆ ಇನ್ನೂ ಒಪ್ಪಿಲ್ಲ, ಆದರೆ ಶನಿವಾರ ವೈದ್ಯರ ಬಳಿ ತಾವೂ ಬಂದು ಕೇಳುತ್ತೇನೆ ಎಂದಿದ್ದಾರೆ. ಮಾತ್ರೆಯೋ ವಂಕಿಯೋ ಅಂದು ತೀರ್ಮಾನವಾಗುತ್ತದೆ. ಯಾವುದಾದರೂ ಮುಂದಿನ ಚೂರು ಪರೀಕ್ಷೆಗೆ ಆಗಸ್ಟ್ ಎರಡನೆಯ ವಾರ ಬರೆದುಕೊಟ್ಟಿದ್ದಾರೆ. ಅದು ಸಹಜವೆಂದು ಬಂದರೂ ಇನ್ನಾರು ತಿಂಗಳಿಗೆ ಮತ್ತೊಮ್ಮೆ ನೋಡಬೇಕಂತೆ.